ಸ್ಪ್ರೇ ಹೊಡೆದ್ಮೇಲೆ ಜಿರಳೆ ಬೇರೆ ರೂಮಿಗೆ ಯಾಕೆ ಹೋಗ್ತವೆ, ಜೆಲ್ ಹೇಗೆ ಹಾಕ್ಬೇಕು

ಪ್ರಶ್ನೆ: ಅಡುಗೆಮನೆಗೆ ಜಿರಳೆ ಸ್ಪ್ರೇ ಹೊಡೆದೆ, ತುಂಬಾ ಸತ್ವು. ಆದ್ರೆ ಈಗ ಬೆಡ್‌ರೂಮಲ್ಲಿ ಕಾಣ್ತಿವೆ, ಮೊದ್ಲು ಅಲ್ಲಿ ಒಂದೂ ಇರ್ಲಿಲ್ಲ. ಇನ್ನೂ ಸ್ಟ್ರಾಂಗ್ ಸ್ಪ್ರೇ ತರ್ಲಾ, ಜೆಲ್ ಹಾಕ್ಲಾ?

ಉತ್ತರ:

ಜೆಲ್ ಹಾಕಿ, ಆದ್ರೆ ಅದಕ್ಕೂ ಮೊದ್ಲು ಸ್ಪ್ರೇನ ಪೂರ್ತಿ ನಿಲ್ಸಿ. ನಾನು ಪೆಸ್ಟ್ ಕಂಟ್ರೋಲ್ ಕೆಲಸ ಮಾಡೋನು, ಎರಡೂ ಒಟ್ಟಿಗೆ ಉಪಯೋಗಿಸಿ ಎರಡೂ ವೇಸ್ಟ್ ಮಾಡ್ಕೊಂಡಿರೋ ಮನೆಗಳನ್ನ ಬೇಕಾದಷ್ಟು ನೋಡಿದೀನಿ.

ನಿಮಗೆ ಕಾಣ್ತಿರೋದು ಸಣ್ಣದು, ತಿಳಿ ಕಂದು ಬಣ್ಣ, ತಲೆ ಹಿಂದೆ ಎರಡು ಕಪ್ಪು ಗೆರೆ ಇರೋದು ಅನ್ಕೊಂಡು ಹೇಳ್ತಿದೀನಿ, ಅದಕ್ಕೆ ಜರ್ಮನ್ ಜಿರಳೆ ಅಂತಾರೆ, ಮನೆಯೊಳಗೇ ಸಂಸಾರ ಮಾಡೋ ಜಾತಿ. ಹಗಲೆಲ್ಲಾ ಕಬೋರ್ಡ್ ಹಿಂಜ್ ಸಂದಿ, ಸಿಂಕ್ ಕೆಳಗೆ, ಫ್ರಿಜ್ ಮೋಟರ್ ಪಕ್ಕ ಒಂದ್ರ ಮೇಲೊಂದು ಒತ್ಕೊಂಡು ಕೂತಿರ್ತವೆ. ನೀವು ಸ್ಪ್ರೇ ಹೊಡೆದಾಗ ಸತ್ತಿದ್ದು ಹೊರಗಡೆ ಸಿಕ್ಕಿದ್ದು ಮತ್ತೆ ಸಂದಿ ಬಾಯಲ್ಲಿ ಇದ್ದಿದ್ದು ಮಾತ್ರ. ಒಳಗಿರೋದಕ್ಕೆ ಸಾಯೋವಷ್ಟು ಔಷಧಿ ತಾಗಲ್ಲ, ಬರೀ ಕಿರಿಕಿರಿ ಆಗೋವಷ್ಟು ತಾಗುತ್ತೆ. ಮನೆಗೆ ತರೋ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರೋದು ಪೈರೆಥ್ರಾಯ್ಡ್ ಜಾತಿ ಔಷಧಿ, ಅದಕ್ಕೆ ಹುಳನ ಕೆರಳಿಸಿ ಓಡಿಸೋ ಗುಣ ಇದೆ. ಎಷ್ಟರ ಮಟ್ಟಿಗೆ ಅಂದ್ರೆ ನಾವು ಯಾವ ಸಂದಿಯಲ್ಲಿ ಇವೆ ಅಂತ ಪತ್ತೆ ಮಾಡೋಕೆ ಬೇಕಂತಲೇ ಅದನ್ನ ಸ್ವಲ್ಪ ಹೊಡೆದು ಹೊರಗೆ ಬರಿಸ್ತೀವಿ. ಹಾಗೆ ಕೆರಳಿದ್ದು ಪೈಪ್ ಹೋಗಿರೋ ತೂತು, ಸ್ವಿಚ್ ಬೋರ್ಡ್ ಹಿಂದಿನ ವೈರ್ ಪೈಪು, ಬಾಗಿಲ ಚೌಕಟ್ಟಿನ ಬಿರುಕು, ಎಲ್ಲಿ ದಾರಿ ಸಿಗುತ್ತೋ ಅಲ್ಲಿ ನುಗ್ಗಿ ಗೋಡೆ ಆಚೆ ರೂಮಿಗೆ ಹೋಗ್ತವೆ.

ಇಲ್ಲಿ ಒಂದು ವಿಷ್ಯ ಜನಕ್ಕೆ ಗೊತ್ತಿರಲ್ಲ. ಈ ಜಾತಿ ಹೆಣ್ಣು ಮೊಟ್ಟೆ ಚೀಲಾನ ಎಲ್ಲೋ ಬಿಟ್ಟು ಹೋಗಲ್ಲ, ಮರಿ ಆಚೆ ಬರೋ ಸಮಯ ಹತ್ರ ಆಗೋವರೆಗೂ ಹಿಂಭಾಗದಲ್ಲಿ ಅಂಟಿಸ್ಕೊಂಡೇ ಓಡಾಡುತ್ತೆ, ಒಂದು ಚೀಲದಲ್ಲಿ 30-40 ಮೊಟ್ಟೆ. ಅಂಥ ಒಂದೇ ಒಂದು ತಪ್ಪಿಸ್ಕೊಂಡು ಬೆಡ್‌ರೂಮಿಗೆ ಬಂದ್ರೂ ಸಾಕು. ಸ್ಟ್ರಾಂಗ್ ಸ್ಪ್ರೇ ತಂದ್ರೆ ಅಲ್ಲಿಂದ ಹಾಲ್‌ಗೆ ಓಡಿಸ್ತೀರ ಅಷ್ಟೇ, ಜೊತೆಗೆ ಈ ಔಷಧಿಗಳಿಗೆ ಬಗ್ಗದ ಜಿರಳೆಗಳು ಈಗ ಎಲ್ಲಾ ಕಡೆ ಇವೆ.

ಜೆಲ್ ಕೆಲಸ ಮಾಡೋದು ನಿಧಾನ, ಆ ನಿಧಾನವೇ ನಮಗೆ ಬೇಕಾಗಿರೋದು. ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್, ಇಂಡಾಕ್ಸಾಕಾರ್ಬ್ ಇಂಥದ್ರಲ್ಲಿ ಯಾವ್ದಾದ್ರೂ ಒಂದು ಅದರಲ್ಲಿ ಇರುತ್ತೆ. ತಿಂದಿದ್ದು ಅಲ್ಲೇ ಬೀಳದೆ ತನ್ನ ಸಂದಿಗೆ ವಾಪಸ್ ಹೋಗಿ ಸಾಯುತ್ತೆ, ಮರಿಗಳು ಅದರ ಹಿಕ್ಕೆ ತಿಂತವೆ, ಮಿಕ್ಕಿದ್ದು ಹೆಣಾನೂ ತಿಂತವೆ, ಹಿಂಗೆ ಆಚೆಗೇ ಬರದೆ ಇರೋ ಮರಿಗೂ ವಿಷ ತಲುಪುತ್ತೆ. ಸ್ಪ್ರೇಯಿಂದ ಇದು ಸಾಧ್ಯವೇ ಇಲ್ಲ.

ಈಗ ನಿಮ್ಮನೇಲಿ ಮಾಡ್ಬೇಕಾದ್ದು. ಜೆಲ್ ಹಾಕೋ ಜಾಗಾನೆಲ್ಲ ಸೋಪ್ ನೀರಲ್ಲಿ ಒರೆಸಿ ಒಣಗಿಸಿ, ಯಾಕಂದ್ರೆ ಹಳೇ ಸ್ಪ್ರೇ ವಾಸನೆ ಇದ್ರೆ ಜಿರಳೆ ಜೆಲ್ ಹತ್ರಾನೂ ಬರಲ್ಲ. ರಾತ್ರಿ ಎರಡೂ ರೂಮಲ್ಲಿ ಗಮ್ ಟ್ರ್ಯಾಪ್ ಇಡಿ. ಬೆಡ್‌ರೂಮ್ ಟ್ರ್ಯಾಪಲ್ಲಿ ರೆಕ್ಕೆ ಇಲ್ದಿರೋ ಸಣ್ಣ ಮರಿಗಳು ಸಿಕ್ರೆ ಅಲ್ಲಿ ಆಗ್ಲೇ ಗೂಡು ಕಟ್ಟಿವೆ ಅಂತ ಅರ್ಥ, ಆಗ ಮಂಚದ ತಲೆದಿಕ್ಕಿನ ಕೀಲು, ವಾರ್ಡ್ರೋಬ್ ಹಿಂಜ್, ಅಲ್ಲೂ ಹಾಕ್ಬೇಕು. ಬರೀ ಒಂದೆರಡು ದೊಡ್ಡವು ಸಿಕ್ರೆ ಅಡುಗೆಮನೆ ಮತ್ತೆ ಆ ಗೋಡೆ ಪಕ್ಕ ಸಾಕು. ದೊಡ್ಡ ಉಂಡೆ ಹಾಕ್ಬೇಡಿ, ಬೇಳೆಕಾಳಿಗಿಂತ ಚಿಕ್ಕ ಚುಕ್ಕೆಗಳನ್ನ ತುಂಬಾ ಕಡೆ ಹಾಕಿ, ಸಂದಿ ಒಳಗೆ, ಮಕ್ಕಳು ನಾಯಿ ಬೆಕ್ಕಿಗೆ ಎಟುಕದ ಹಾಗೆ, ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೆ. ರಾತ್ರಿ ಎಂಜಲು ಪಾತ್ರೆ, ಸಿಂಕಲ್ಲಿ ನೀರು ಬಿಡ್ಬೇಡಿ, ಬೇರೆ ಊಟ ಸಿಕ್ರೆ ಜೆಲ್ ಯಾಕೆ ತಿಂತವೆ ಹೇಳಿ.

ಮೊದಲ ವಾರ ಹಗಲಲ್ಲೇ ತೂರಾಡೋ ಜಿರಳೆ ಕಾಣುತ್ತೆ, ಗಾಬರಿಯಾಗಿ ಸ್ಪ್ರೇ ಎತ್ತ್ಕೋಬೇಡಿ, ಜೆಲ್ ತಿಂದಿರೋದೇ ಅವು. ಎರಡು ವಾರ ಆದ್ಮೇಲೆ ನೋಡಿ, ಚುಕ್ಕೆ ಖಾಲಿ ಆಗಿದ್ರೆ ಅಥವಾ ಒಣಗಿದ್ರೆ ಮತ್ತೆ ಹಾಕಿ, ಹೊಸ ಮರಿಗಳು ಬರ್ತಾನೇ ಇರ್ತವೆ. ಚುಕ್ಕೆ ಮುಟ್ಟದೇ ಹಾಗೇ ಇದೆ, ಟ್ರ್ಯಾಪಲ್ಲಿ ಮಾತ್ರ ಬೀಳ್ತಿವೆ ಅಂದ್ರೆ ಬೇರೆ ಔಷಧಿ ಇರೋ ಬೇರೆ ಕಂಪನಿ ಜೆಲ್ ತನ್ನಿ. ಕೆಲವು ಜಿರಳೆಗಳಿಗೆ ಗ್ಲೂಕೋಸ್ ಕಂಡ್ರೇ ಆಗಲ್ಲ, 1993ರಲ್ಲೇ ವಿಜ್ಞಾನಿಗಳು ಇದನ್ನ ಬರೆದಿದ್ದಾರೆ, ಹಾಗಾಗಿ ಔಷಧಿ ಚೆನ್ನಾಗಿದ್ರೂ ಅದ್ರ ಜೊತೆ ಇರೋ ಸಿಹಿಗೇ ದೂರ ಹೋಗ್ತವೆ.

ಆಮೇಲೆ ಚರಂಡಿ ಪೈಪಿಂದ ಬರೋ ಹೆಬ್ಬೆರಳುದ್ದದ ಕೆಂಪು ಜಿರಳೆ ಇದ್ರೆ ಅದರ ಕಥೆ ಬೇರೆ, ಅದಕ್ಕೆ ಮೊದ್ಲು ಬಚ್ಚಲ ಜಾಲರಿ ಮುಚ್ಚಬೇಕು, ಬರೀ ಜೆಲ್ ನಂಬ್ಕೊಂಡು ಕೂರಬೇಡಿ.