ಮೊಳೆ ಹೊಡೆದಿದ್ದ ಹಲಸಿನ ಮರ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯಿಂದ ಅಪ್ಪ, ಮಗ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಅಪ್ಪನಿಗೆ 72. ಊರಿಗೆಲ್ಲ ಅಂಚೆಯಣ್ಣ. ಒಂದೂವರೆ ತಿಂಗಳಿಂದ ಮಗನ ಜೊತೆ ಮಾತು ನಿಲ್ಲಿಸಿದ್ದರು.

ಕಾರಣ ಒಂದು ಹಳೇ ಫೋಟೋ. ಅಂಗಡಿ ಮುಂದಿನ ಹಲಸಿನ ಮರ, ಅದರ ಪಕ್ಕ ಇವರು. ಮರ 2018ರ ಆಗಸ್ಟ್ ಮಳೆಯಲ್ಲಿ ಬಿದ್ದುಹೋಗಿತ್ತು. ಉಳಿದಿದ್ದು ಫೋಟೋದಲ್ಲಿ ಮಾತ್ರ. ಮಗ ಸ್ಕ್ಯಾನ್ ಮಾಡಿಸೋಣ ಅಂತ ಅದನ್ನು ಚೌಕಟ್ಟಿನಿಂದ ಎಳೆದ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಅಂಟಿಕೊಂಡುಬಿಡುತ್ತದೆ. ಮರ ಗಾಜಿನಲ್ಲೇ ಉಳಿಯಿತು, ಕಾಗದದಲ್ಲಿ ಬಿಳಿ ಕಲೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ.

ಮಗ ಗಾಬರಿಯಲ್ಲಿ ಸ್ಟುಡಿಯೋಗೆ ಕೊಟ್ಟು ಬೇರೆ ಯಾವುದೋ ಮರ ಸೇರಿಸಿ ತಂದ. ಅಪ್ಪ ಅದನ್ನು ಗೋಡೆ ಕಡೆ ತಿರುಗಿಸಿಟ್ಟರು.

ಮೊದಲು ನಿದ್ದೆ, ಊಟ, ನೆನಪು ವಿಚಾರಿಸಿದೆ. ವಯಸ್ಸಾದವರ ಖಿನ್ನತೆಗೆ ಕೇಳುವ 15 ಪ್ರಶ್ನೆಗಳನ್ನೂ ಕೇಳಿದೆ. ಅಂಕ 3 ಬಂತು. 5 ದಾಟಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಅವರ ಮೌನ ಮಗನ ಮೇಲೆ ಮಾತ್ರ.

ಇಲ್ಲಿ ನಾನೂ ಎಡವಿದೆ. ಮಗನ ಮಾತೇ ಜಾಸ್ತಿ ಕೇಳಿದೆ. ಎರಡನೇ ಸಲ ಅಂಚೆಯಣ್ಣನನ್ನೇ ಕೇಳಿದೆ, "ಆ ಮರ ಹೇಗಿತ್ತು?"

"ಸ್ಟುಡಿಯೋದವರದ್ದು ಛತ್ರಿ ಥರ ಇದೆ. ಹಲಸು ಕಾಂಡದಲ್ಲೇ ಕಾಯಿ ಬಿಡೋದಲ್ವಾ? ಕರೆಂಟ್ ತಂತಿಗೆ ತಾಗುತ್ತೆ ಅಂತ ಎಡಗಡೆ ಕೊಂಬೆ ಕಡಿದಿದ್ರು. ಬುಡದಿಂದ ಎದೆ ಮಟ್ಟಕ್ಕೆ ಒಂದು ಮೊಳೆ. ನಾನೇ ಹೊಡೆದಿದ್ದು, ಚೀಲ ನೇತುಹಾಕೋಕೆ." ಹತ್ತು ನಿಮಿಷ ಮಾತಾಡಿದರು.

ಮಗನಿಗೆ ಹೇಳಿದ್ದು ಇಷ್ಟು. "ಸುಮ್ನೆ ಒಂದು ಫೋಟೋ ಅಲ್ವಾ" ಅನ್ನಬೇಡಿ. "ಅವಸರ ಮಾಡಿದೆ ಅಪ್ಪ" ಅಂತ ಒಂದೇ ಸಲ ಹೇಳಿ, ಮತ್ತೆ ಮತ್ತೆ ಕ್ಷಮೆ ಕೇಳಬೇಡಿ. ಕೇಳುತ್ತಲೇ ಇದ್ದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಹರಿದ ಫೋಟೋವನ್ನೂ ಗಾಜನ್ನೂ ಮುಟ್ಟದೆ ಒಣಗಿದ ಕಡೆ ಎತ್ತಿಡಿ. ಸ್ಟುಡಿಯೋದವರು ಮರ ಸೇರಿಸುವ ಮುಂಚಿನ ಸ್ಕ್ಯಾನ್ ಪ್ರತಿಯನ್ನು ಹೊಳಪಿಲ್ಲದ ದಪ್ಪ ಕಾಗದದಲ್ಲಿ ತೆಗೆಸಿ. ಅದರ ಮೇಲೆ ಮರ ಬರೆಯೋದು ಅಪ್ಪ ಹೇಳಿದಂತೆ.

ಬರೆದಿದ್ದು ಮೊಮ್ಮಗಳು, ಜಲವರ್ಣದಲ್ಲಿ. ನಾಲ್ಕು ಭಾನುವಾರ ಹಿಡಿಯಿತು. ಮಗನಿಗೆ ಪೆನ್ಸಿಲ್ ಚೂಪು ಮಾಡುವ, ನೀರು ಬದಲಿಸುವ ಕೆಲಸ. ಬೇಕಂತಲೇ ಹಾಗೆ ಹೇಳಿದ್ದೆ. ಕೈಗೆ ಕೆಲಸ ಇದ್ದರೆ ಪಕ್ಕದಲ್ಲಿ ಕೂರೋದು ಸುಲಭ. ಎರಡನೇ ಭಾನುವಾರ ಅಪ್ಪ ನೇರವಾಗಿ ಮಗನಿಗೇ ಅಂದರಂತೆ, "ನೀರು ಕೊಳೆಯಾಯ್ತು, ಬದಲಿಸೋ."

ಕೊನೆಗೆ ಹುಡುಗಿ ಮೊಳೆಗೆ ಚೀಲವನ್ನೂ ನೇತುಹಾಕಿದ್ದಳು. ಅಜ್ಜ ಒಪ್ಪಲಿಲ್ಲ.

"ಅಳಿಸು ಮಗಾ. ಚೀಲ ನನ್ನ ಹೆಗಲ ಮೇಲಿದೆ ನೋಡು. ಇನ್ನೂ ಕಾಗದ ಹಂಚಿ ಮುಗಿದಿಲ್ಲ."