ಲ್ಯಾಟಿನ್ ಕ್ರಿಯಾಪದದ ನಾಲ್ಕು ರೂಪ: ಎರಡು ಸಾಕಾ?

ಪ್ರಶ್ನೆ: ಲ್ಯಾಟಿನ್ ಕಲೀತಿದೀನಿ. ನಿಘಂಟಿನಲ್ಲಿ ಪ್ರತಿ ಕ್ರಿಯಾಪದಕ್ಕೂ ನಾಲ್ಕು ರೂಪ ಕೊಟ್ಟಿರ್ತಾರೆ. ನಾಲ್ಕೂ ಬಾಯಿಪಾಠ ಮಾಡಬೇಕಾ, ಮೊದಲೆರಡು ಸಾಕಾ?

ಉತ್ತರ: ಮೊದಲೆರಡು ಸಾಕು ಅಂದುಕೊಂಡೇ ನಾನು ಜರ್ಮನಿಯಲ್ಲಿ ಒಂದು ಪರೀಕ್ಷೆ ಕಳೆದುಕೊಂಡೆ.

ಮಧ್ಯಯುಗದ ಇತಿಹಾಸ ಓದೋಕೆ ಹೋದವನು ನಾನು. ಲ್ಯಾಟಿನ್ ಪಾಸಾಗದೆ ಮುಂದೆ ಬಿಡೋದಿಲ್ಲ ಅಂದರು. ಆರಂಭದ ಪಾಠಗಳಲ್ಲಿ ಬರೋದೆಲ್ಲ ಅಮೋ, ಅಮಾರೆ, ಅಮಾವೀ, ಅಮಾತುಮ್ ಥರದ ಸಾಧು ಪ್ರಾಣಿಗಳೇ: ಪ್ರೀತಿಸುತ್ತೇನೆ, ಪ್ರೀತಿಸುವುದು, ಪ್ರೀತಿಸಿದೆ, ಕೊನೆಯದು ಕರ್ಮಣಿಗೆ ಬೇಕಾಗೋ ರೂಪ. ಎರಡು ಗೊತ್ತಿದ್ದರೆ ಉಳಿದೆರಡು ತಾವೇ ಬರುತ್ತವೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಮುನ್ನೂರು ಕ್ರಿಯಾಪದಗಳಿಗೂ ಎರಡೆರಡೇ ಕಾಲಂ ಹಾಕಿದ್ದೆ. ಉಳಿದದ್ದಕ್ಕೆ ಪರೀಕ್ಷೆಯಲ್ಲಿ ನಿಘಂಟು ಕೊಡ್ತಾರಲ್ಲ, ನೋಡಿಕೊಂಡರಾಯ್ತು ಅಂತ ಧೈರ್ಯ.

ಬಂದದ್ದು ಸೀಸರನ ಗಾಲ್ ಯುದ್ಧದ ವಾಕ್ಯ. ವಿಚಾರಣೆಯ ದಿನ ಹೆಲ್ವೆಟಿ ಬುಡಕಟ್ಟಿನ ಮುಖಂಡ ಒರ್ಗೆಟೊರಿಕ್ಸ್ ತನ್ನ ಮನೆಯವರು, ಆಳುಕಾಳು ಎಲ್ಲ ಸೇರಿ ಹತ್ತು ಸಾವಿರ ಜನರನ್ನು ಎಲ್ಲಾ ಕಡೆಯಿಂದ ‘ಕೊಏಗಿತ್’. ಇದೇನು? ಭೂತಕಾಲ ಅನ್ನೋದು ಗೊತ್ತಾಯ್ತು. ‘ಕೊಏಗೋ’ ಅಂತ ಹುಡುಕಿದೆ, ಇಲ್ಲ. ‘ಕೊಏಗೆಓ’, ಇಲ್ಲ. ಹತ್ತಿರದಲ್ಲೇ ‘ಕೊಯ್ಪೀ’ ಇತ್ತು, ‘ಶುರುಮಾಡಿದೆ’ ಅಂತ ಅರ್ಥ. ಇದೇ ಇರಬೇಕು ಅಂತ ‘ಒರ್ಗೆಟೊರಿಕ್ಸ್ ತನ್ನ ಮನೆಯವರನ್ನು ಶುರುಮಾಡಿದ’ ಅಂತ ಬರೆದೆ. ಇಪ್ಪತ್ತು ನಿಮಿಷ ಹೋಯ್ತು, ಜೊತೆಗೆ ಮಾನವೂ.

ಪದ ಇದ್ದದ್ದು ‘ಕೋಗೋ’ ಅಡಿಯಲ್ಲಿ: ಕೋಗೋ, ಕೋಗೆರೆ, ಕೊಏಗೀ, ಕೊಆಕ್ತುಮ್. ಒಟ್ಟುಗೂಡಿಸು, ಒತ್ತಾಯಿಸು. ನಿಘಂಟು ಪದವನ್ನು ಜೋಡಿಸೋದು ಮೊದಲನೇ ರೂಪದ ಮೇಲೆ. ಓದುವಾಗ ಎದುರಾಗೋದು ಬಹಳಷ್ಟು ಸಲ ಮೂರನೆಯದೋ ನಾಲ್ಕನೆಯದೋ. ಕನ್ನಡ ಕಲಿಯೋ ಪರದೇಶಿಯೊಬ್ಬ ‘ಎದ್ದ’ ಅನ್ನೋದನ್ನ ನಿಘಂಟಿನ ಎಕಾರದಲ್ಲಿ ಹುಡುಕಿದ ಹಾಗೆ. ‘ಏಳು, ಎದ್ದ’ ಎರಡನ್ನೂ ಜೋಡಿಯಾಗಿ ಕೇಳಿಲ್ಲದಿದ್ದರೆ ಅವನಿಗೆ ಸಿಗೋದು ಹೇಗೆ?

ಇಲ್ಲೇ ನಿಮ್ಮ ಪ್ರಶ್ನೆಗೆ ನನ್ನ ತಕರಾರು. ನಿಮ್ಮ ಎದುರಿಗಿರೋದು ನಾಲ್ಕು ರೂಪ ಅಲ್ಲ, ಮೂರು ಬುಡ. ಮೊದಲೆರಡು ಸೇರಿ ಒಂದು ಬುಡ, ಅದರಿಂದ ವರ್ತಮಾನ ಕೋಗಿತ್, ‘ಒಟ್ಟುಗೂಡಿಸುತ್ತಿದ್ದ’ ಅನ್ನೋ ಕೋಗೇಬತ್, ಭವಿಷ್ಯದ ಕೋಗೆತ್. ಮೂರನೆಯದರಲ್ಲಿ ಕೊನೆಯ ‘ಈ’ ಕಿತ್ತರೆ ಕೊಏಗ್ ಉಳಿಯುತ್ತೆ. ಅದಕ್ಕೆ ಪ್ರತ್ಯಯ ಹಚ್ಚಿದರೆ ಕೊಏಗಿತ್ (ಒಟ್ಟುಗೂಡಿಸಿದ), ಕೊಏಗೆರತ್ (ಒಟ್ಟುಗೂಡಿಸಿದ್ದ), ಕೊಏಗೆರಿತ್ (ಒಟ್ಟುಗೂಡಿಸಿರುವನು). ನಮ್ಮ ‘ಎದ್ದ’ದಿಂದ ‘ಎದ್ದಿದ್ದ, ಎದ್ದರೆ, ಎದ್ದಾಗ’ ಹುಟ್ಟಿದ ಹಾಗೇ. ಈ ಮೂರನೇ ರೂಪದ ಬುಡಕ್ಕೆ ಹತ್ತುವ ಪ್ರತ್ಯಯಗಳು ಯಾವ ಕ್ರಿಯಾಪದಕ್ಕೂ ಬದಲಾಗಲ್ಲ. ವರ್ತಮಾನದಲ್ಲಿ ಅಡ್ಡಾದಿಡ್ಡಿ ಓಡುವ ಸುಮ್ (‘ಇದ್ದೇನೆ’) ಕೂಡ ಇಲ್ಲಿ ತೆಪ್ಪಗೆ ಫುಈ, ಫುಎರಮ್, ಫುಎರೋ ಅನ್ನುತ್ತೆ. ನಾಲ್ಕನೆಯದು ಭೂತಕಾಲದ ಕರ್ಮಣಿಗೆ: ಕೊಆಕ್ತುಸ್ ಎಸ್ತ್, ‘ಅವನು ಒತ್ತಾಯಕ್ಕೊಳಗಾದ’, ಅವಳಾದರೆ ಕೊಆಕ್ತ ಎಸ್ತ್, ಅವರಾದರೆ ಕೊಆಕ್ತೀ ಸುಂತ್.

ಎರಡನೆಯದನ್ನೂ ಹಗುರವಾಗಿ ತಗೋಬೇಡಿ. ದೊಕೆತ್ ಅಂದರೆ ‘ಕಲಿಸುತ್ತಾನೆ’. ದೂಕೆತ್ ಅಂದರೆ ‘ಮುಂದೆ ಕರೆದೊಯ್ಯುವನು’. ಕೊನೆ ಒಂದೇ, ಕಾಲ ಬೇರೆ. ಹೇಳಿಕೊಡೋದು ಎರಡನೇ ರೂಪ: ದೊಕೇರೆಯಲ್ಲಿ ಏಕಾರ ದೀರ್ಘ, ದೂಕೆರೆಯಲ್ಲಿ ಹ್ರಸ್ವ. ಮುದ್ರಿತ ಲ್ಯಾಟಿನ್‌ನಲ್ಲಿ ಈ ಗುರುತು ಸಾಮಾನ್ಯವಾಗಿ ಇರೋದಿಲ್ಲ. ನಮ್ಮ ಲಿಪಿಯಲ್ಲಿ ಬರೆದುಕೊಂಡರೆ ಪುಕ್ಕಟೆ ಸಿಗುತ್ತೆ! ವೆನಿತ್ (ಬರುತ್ತಾನೆ), ವೇನಿತ್ (ಬಂದ) ಇವೆರಡರ ವ್ಯತ್ಯಾಸ ನನ್ನ ಜರ್ಮನ್ ಸಹಪಾಠಿಗಳಿಗೆ ತಲೆನೋವಾಗಿತ್ತು, ನನಗೆ ಆಗಲಿಲ್ಲ. ಜಂಬ ಪಡೋಕೆ ಸಿಕ್ಕಿದ್ದು ಅದೊಂದೇ.

ಬಾಯಿಪಾಠ ಮಾಡಿ, ಆದರೆ ಮಗ್ಗಿ ಥರ, ನಾಲ್ಕನ್ನೂ ಒಂದೇ ಉಸಿರಿನಲ್ಲಿ, ಗಟ್ಟಿಯಾಗಿ. ಮೊದಲು ಮೂಲ ಪದ, ಆಮೇಲೆ ಉಪಸರ್ಗ ಹತ್ತಿದವು. ಅಗೋ, ಅಗೆರೆ, ಏಗೀ, ಆಕ್ತುಮ್ ಬಂದರೆ ಕೋಗೋ ಎಲ್ಲಿಂದ ಬಂತು ಅಂತ ಕಾಣುತ್ತೆ: ಕೊ + ಅಗೋ ಸೇರಿ ಕೋಗೋ ಆಗಿದೆ, ಕೊ + ಏಗೀ, ಕೊ + ಆಕ್ತುಮ್ ಮಾತ್ರ ಬಿಡಿಬಿಡಿಯಾಗೇ ಉಳಿದಿವೆ. ರೆದಿಗೋ, ರೆದೇಗೀ, ಎಕ್ಸಿಗೋ, ಎಕ್ಸೇಗೀ ಎಲ್ಲಾ ಇದೇ ಮನೆಯ ಮಕ್ಕಳು. ಫೆರೋ, ಫೆರ್ರೆ, ತುಲೀ, ಲಾತುಮ್ ಥರ ನಂಟೇ ಕಾಣದವು ಕೆಲವಿವೆ, ಅವನ್ನು ಉರು ಹೊಡೆಯದೆ ವಿಧಿಯಿಲ್ಲ.

ಮರುಪರೀಕ್ಷೆಗೆ ಮುಂಚೆ ಹಳೇ ನೋಟ್‌ಬುಕ್ ಎಸೆದು ನಾಲ್ಕು ಕಾಲಂ ಹಾಕಿ ಮುನ್ನೂರನ್ನೂ ಮತ್ತೆ ಬರೆದೆ, ಎರಡು ತಿಂಗಳು ಹಿಡೀತು. ಆ ನಿಘಂಟು ಈಗಲೂ ಹತ್ತಿರ ಇದೆ. ‘ಕೊಯ್ಪೀ’ ಇರುವ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೀನಿ: ‘ಇದಲ್ಲ, ಕೋಗೋ ನೋಡು’.