ರಿಸಲ್ಟ್ ನವೆಂಬರ್‌ಗೆ ಬರುತ್ತೆ ಅಂತ ಬರೆದರೆ ಸಾಕು

"ಅಕ್ಕಾ, ಲೀಡ್ಸ್‌ನಲ್ಲಿ ಎಂಎಸ್ಸಿ ಮಾಡ್ತಿದ್ದೀನಿ. ಸೆಪ್ಟೆಂಬರ್‌ನಲ್ಲಿ ಡಿಸರ್ಟೇಶನ್ ಕೊಡಬೇಕು. ಡಿಗ್ರಿ ಇನ್ನೂ ಕೈಗೆ ಬಂದಿಲ್ಲವಲ್ಲ, ಸಿವಿಯಲ್ಲಿ ಏನಂತ ಬರೀಲಿ? ಬರೋ ತನಕ ಕಾಯ್ಲಾ?"

ಕಾಯಬೇಡಿ. ಇಲ್ಲಿ ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಡಿಸರ್ಟೇಶನ್ ಕೊಟ್ಟು ಎಷ್ಟೋ ವಾರ ಆದ ಮೇಲೆಯೇ ಎಕ್ಸಾಮ್ ಬೋರ್ಡ್ ಕೂತು ಫಲಿತಾಂಶ ಖಚಿತ ಮಾಡುವುದು. ಕೆಲಸ ಕೊಡುವವರಿಗೆ ಇದು ಹೊಸದಲ್ಲ. ಒಂದು ಸಾಲು ಸಾಕು: "ಎಂಎಸ್ಸಿ ಡೇಟಾ ಸೈನ್ಸ್, ರಿಸಲ್ಟ್ ಎಕ್ಸ್‌ಪೆಕ್ಟೆಡ್ ನವೆಂಬರ್." ವರ್ಷವನ್ನೂ ಹಾಕಿ. ಅಷ್ಟೇ.

ನಾನು ಬಂದ ಹೊಸದರಲ್ಲಿ ಕವರ್ ಲೆಟರ್‌ನಲ್ಲಿ "ದುರದೃಷ್ಟವಶಾತ್ ಫಲಿತಾಂಶ ಇನ್ನೂ ಬಂದಿಲ್ಲ, ದಯವಿಟ್ಟು ಕ್ಷಮಿಸಿ" ಅಂತ ಬರೆದಿದ್ದೆ. ನಮ್ಮೂರ ಕಡೆ ಅದು ವಿನಯ. ಇಲ್ಲಿ ಇಂಟರ್‌ವ್ಯೂ ಮಾಡಿದಾಕೆ ಮೊದಲು ಕೇಳಿದ್ದೇ, "ಯಾವುದಾದರೂ ಪೇಪರ್ ಫೇಲ್ ಆಗಿದೆಯಾ?" ಇಲ್ಲದ ಅನುಮಾನವನ್ನು ನಾನೇ ಹುಟ್ಟಿಸಿದ್ದೆ!

ಯಾವ ದಿನಾಂಕ ಹಾಕಬೇಕು ಅನ್ನೋದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಡಿಸರ್ಟೇಶನ್ ಕೊಡುವ ದಿನವಲ್ಲ, ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ದಿನವೂ ಅಲ್ಲ. ಆ ಸಮಾರಂಭ ಎಷ್ಟೋ ಕಡೆ ಇನ್ನೂ ತಡ. ಬೋರ್ಡ್ ಆದ ಮೇಲೆ ಫಲಿತಾಂಶ ಯಾವತ್ತು ತಿಳಿಸುತ್ತೀರಿ ಅಂತ ನಿಮ್ಮ ವಿಭಾಗದ ಕಚೇರಿಗೆ ಈಗಲೇ ಈಮೇಲ್ ಹಾಕಿ ಕೇಳಿ. ಅದನ್ನೇ ಬರೆಯಿರಿ.

ಮಾಡ್ಯೂಲ್‌ಗಳ ಅಂಕ ಬಂದಿದ್ದರೆ ಸರಾಸರಿ ಹಾಕಿ, ಪಕ್ಕದಲ್ಲಿ "ಪ್ರೊವಿಷನಲ್" ಅಂತ ಸೇರಿಸಿ. ಬೋರ್ಡ್ ಒಪ್ಪುವ ತನಕ ಅದು ಬದಲಾಗಬಹುದು. 66 ಬಂದಿದೆ ಅಂತ ಮುಖ ಸಣ್ಣ ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ ಇಲ್ಲಿ 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಊರಲ್ಲಿ ಚಿಕ್ಕಪ್ಪನಿಗೆ ಇದನ್ನು ಅರ್ಥ ಮಾಡಿಸೋದು ಬೇರೆ ಕಷ್ಟ ಬಿಡಿ.

ಆನ್‌ಲೈನ್ ಫಾರ್ಮ್‌ನಲ್ಲಿ ಮಾತ್ರ ಹುಷಾರು. ಸುಮ್ನೆ "ಕಂಪ್ಲೀಟೆಡ್" ಒತ್ತಿಬಿಡಬೇಡಿ. ಕೆಲಸ ಕೊಡುವ ಮುಂಚೆ ಎಷ್ಟೋ ಕಂಪನಿಗಳು ಹೆಡ್ ಅನ್ನುವ ಸೇವೆಯ ಮೂಲಕ ಡಿಗ್ರಿ ನಿಜವೇ ಅಂತ ವಿಶ್ವವಿದ್ಯಾಲಯದ ದಾಖಲೆಯಲ್ಲಿ ನೋಡಿಸುತ್ತವೆ. ಅಲ್ಲಿ ಇನ್ನೂ ಕೊಟ್ಟಿರದ ಡಿಗ್ರಿ ನಿಮ್ಮ ಫಾರ್ಮ್‌ನಲ್ಲಿದ್ದರೆ ಸುಳ್ಳು ಹೇಳಿದ ಹಾಗಾಗುತ್ತೆ.

ವೀಸಾಕ್ಕೂ ಇದೇ ದಿನಾಂಕ ಮುಖ್ಯ. ಕೋರ್ಸ್ ಯಶಸ್ವಿಯಾಗಿ ಮುಗಿದಿದೆ ಅಂತ ವಿಶ್ವವಿದ್ಯಾಲಯ ಹೋಮ್ ಆಫೀಸ್‌ಗೆ ತಿಳಿಸಿದ ಮೇಲೆಯೇ, ಓದು ಮುಗಿದ ಮೇಲೆ ಇಲ್ಲೇ ಉಳಿದು ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಬಹುದು. ಅದೂ ಈ ದೇಶದ ಒಳಗಿದ್ದೇ, ಸ್ಟೂಡೆಂಟ್ ವೀಸಾ ಮುಗಿಯುವ ಮುಂಚೆ. ಹಾಗಾಗಿ ದೀಪಾವಳಿಗೆ ಊರಿಗೆ ಟಿಕೆಟ್ ಮಾಡಿಸುವ ಮುಂಚೆ ಆ ಈಮೇಲ್ ಹಾಕಿ.